ಒಂದೇ ಸಂಬಳದ ಚೀಟಿ, ಎರಡು ತೆರಿಗೆ ಲೆಕ್ಕ

2025ರ ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಕಾರ್ಖಾನೆಯ ಸಿಬ್ಬಂದಿ ವಿಭಾಗವು ಎಲ್ಲ ನೌಕರರಿಗೂ ಒಂದು ಇ-ಮೇಲ್ ಕಳುಹಿಸಿತು. 2025-26ರ ಹಣಕಾಸು ವರ್ಷಕ್ಕೆ ಆದಾಯ ತೆರಿಗೆಯ ಹಳೆಯ ಪದ್ಧತಿ ಬೇಕೋ ಹೊಸ ಪದ್ಧತಿ ಬೇಕೋ ಎಂಬುದನ್ನು ತಿಂಗಳ ಕೊನೆಯೊಳಗೆ ತಿಳಿಸಬೇಕು, ಏನೂ ತಿಳಿಸದವರ ಸಂಬಳದಿಂದ ಹೊಸ ಪದ್ಧತಿಯ ಪ್ರಕಾರವೇ ತೆರಿಗೆ ಕಡಿತವಾಗುತ್ತದೆ ಎಂದು ಅದರಲ್ಲಿತ್ತು. ನಾನು ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ ಬಾಡಿಗೆ ಮನೆಯಲ್ಲಿದ್ದು, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಘಟಕದ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಫೆಬ್ರುವರಿಯ ಬಜೆಟ್ ಆದಂದಿನಿಂದ ನಮ್ಮ ಕ್ಯಾಂಟೀನಿನಲ್ಲಿ ‘ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ’ ಎಂಬ ಮಾತು ಓಡಾಡುತ್ತಿತ್ತು. ಅದನ್ನು ಹಲವರು, ಹನ್ನೆರಡು ಲಕ್ಷದ ಮೇಲಿನ ಮೊತ್ತಕ್ಕೆ ಮಾತ್ರ ತೆರಿಗೆ ಎಂದು ಅರ್ಥ ಮಾಡಿಕೊಂಡಿದ್ದರು. ವಾಸ್ತವವಾಗಿ ಹೊಸ ಪದ್ಧತಿಯಲ್ಲಿ ತೆರಿಗೆಯ ಲೆಕ್ಕ ಆರಂಭವಾಗುವುದು ನಾಲ್ಕು ಲಕ್ಷದಿಂದ. ತೆರಿಗೆಗೆ ಒಳಪಡುವ ಆದಾಯವು ಹನ್ನೆರಡು ಲಕ್ಷ ಮೀರದಿದ್ದರೆ, ಹಾಗೆ ಬಂದ 60,000 ರೂಪಾಯಿವರೆಗಿನ ತೆರಿಗೆಯನ್ನು ರಿಬೇಟ್ ಅಳಿಸಿಹಾಕುತ್ತದೆ. ಮೀರಿದರೆ ಆ ಪೂರ್ತಿ ರಿಬೇಟ್ ಇಲ್ಲ. ನನ್ನ ಆದಾಯ ಆ ಗೆರೆಯನ್ನು ಮೀರಿದ್ದರಿಂದ, ಬೇರೆಯವರ ಮಾತಿನ ಮೇಲೆ ಹೋಗದೆ ನನ್ನದೇ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು ಎರಡೂ ಲೆಕ್ಕಗಳನ್ನು ಕೈಯಲ್ಲೇ ಮಾಡಿ ನೋಡಲು ಕುಳಿತೆ.

ಚೀಟಿಯ ಎಡಭಾಗದಲ್ಲಿ ಗಳಿಕೆಯ ಸಾಲುಗಳಿದ್ದವು: ಮೂಲ ವೇತನ 56,000, ಮನೆ ಬಾಡಿಗೆ ಭತ್ಯೆ 22,400, ವಿಶೇಷ ಭತ್ಯೆ 36,000, ಇಬ್ಬರು ಮಕ್ಕಳ ಶಿಕ್ಷಣ ಭತ್ಯೆ 200, ಒಟ್ಟು 1,14,600 ರೂಪಾಯಿ. ಬಲಭಾಗದಲ್ಲಿ ಕಡಿತಗಳು: ಭವಿಷ್ಯ ನಿಧಿಗೆ 6,720, ವೃತ್ತಿ ತೆರಿಗೆ 200, ಮತ್ತು ಆದಾಯ ತೆರಿಗೆ. ಗಳಿಕೆಯ ಒಟ್ಟನ್ನು ಹನ್ನೆರಡರಿಂದ ಗುಣಿಸಿದರೆ 13,75,200 ಬರುತ್ತದೆ. ಆದರೆ ಆಯುಧಪೂಜೆಯ ಹೊತ್ತಿಗೆ ಬರುವ ಬೋನಸ್ ಯಾವ ತಿಂಗಳ ಮಾಮೂಲಿ ಚೀಟಿಯಲ್ಲೂ ಕಾಣುವುದಿಲ್ಲ. ಅದರ 44,800 ರೂಪಾಯಿಯನ್ನೂ ಕೂಡಿಸಿದಾಗ ವರ್ಷದ ಒಟ್ಟು ಸಂಬಳ 14,20,000 ರೂಪಾಯಿ ಆಯಿತು. ನೇಮಕಾತಿ ಪತ್ರದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇರುತ್ತದೆ, ಏಕೆಂದರೆ ಅದರಲ್ಲಿ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲೂ ಸೇರಿರುತ್ತದೆ. ಆ ಪಾಲು ಮೂಲ ವೇತನದ ಶೇ. 12ರ ಮಿತಿಯಲ್ಲಿರುವುದರಿಂದ ಎರಡೂ ಪದ್ಧತಿಗಳಲ್ಲಿ ತೆರಿಗೆಗೆ ಬರುವುದಿಲ್ಲ. ಆದ್ದರಿಂದ ಲೆಕ್ಕವನ್ನು ನೇಮಕಾತಿ ಪತ್ರದಿಂದ ಆರಂಭಿಸದೆ ಚೀಟಿಯಿಂದ ಆರಂಭಿಸುವುದೇ ಸರಿ.

ಮೊದಲು ಹಳೆಯ ಪದ್ಧತಿಯನ್ನು ತೆಗೆದುಕೊಂಡೆ. ಇಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಮನೆ ಬಾಡಿಗೆ ಭತ್ಯೆಯ ಮೇಲೆ. ವರ್ಷಕ್ಕೆ 2,68,800 ರೂಪಾಯಿ ಭತ್ಯೆ ಬರುತ್ತಿದೆ ಎಂದ ಮಾತ್ರಕ್ಕೆ ಅಷ್ಟೂ ತೆರಿಗೆಯಿಂದ ಹೊರಗಾಗುವುದಿಲ್ಲ. ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ ಮಾತ್ರ ವಿನಾಯಿತಿ: ಒಂದು, ನಿಜವಾಗಿ ಬಂದ ಭತ್ಯೆ, ಎರಡು, ಮೂಲ ವೇತನದ ಶೇ. 40, ಮೂರು, ಕಟ್ಟಿದ ಬಾಡಿಗೆಯಿಂದ ಮೂಲ ವೇತನದ ಶೇ. 10 ಕಳೆದು ಉಳಿದದ್ದು. ಆ ವರ್ಷದ ನಿಯಮದಲ್ಲಿ ಶೇ. 50ರ ಅನುಕೂಲ ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಮಾತ್ರ. ಬೆಂಗಳೂರಿಗೂ ತುಮಕೂರಿಗೂ ಆಗ ಅದೇ ಶೇ. 40 ಇತ್ತು. ನಮ್ಮ ಕಂಪನಿ ಭತ್ಯೆಯನ್ನೇ ಮೂಲ ವೇತನದ ಶೇ. 40ರಷ್ಟು ಇಟ್ಟಿರುವುದರಿಂದ ಮೊದಲ ಎರಡು ಅಂಕಿಗಳೂ 2,68,800. ನನ್ನ ಬಾಡಿಗೆ ತಿಂಗಳಿಗೆ 14,000, ವರ್ಷಕ್ಕೆ 1,68,000. ಇದರಿಂದ 67,200 ಕಳೆದರೆ ಉಳಿಯುವುದು 1,00,800. ವಿನಾಯಿತಿ ಇಷ್ಟಕ್ಕೆ ಮಾತ್ರ, ಉಳಿದ 1,68,000 ರೂಪಾಯಿ ಸಂಬಳವೆಂದೇ ಎಣಿಕೆಯಾಗುತ್ತದೆ. ನಮ್ಮೂರಿನಂತಹ ಕಡೆ ಬಾಡಿಗೆ ಬೆಂಗಳೂರಿಗಿಂತ ಕಡಿಮೆ ಇದ್ದು, ಸಂಬಳ ಮಾತ್ರ ಹೆಚ್ಚುತ್ತ ಹೋದಾಗ ಈ ಮೂರನೆಯ ಅಂಕಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಮೂಲ ವೇತನ ಹೆಚ್ಚಿದಾಗಲೆಲ್ಲ ಬಾಡಿಗೆಯಿಂದ ಕಳೆಯುವ ಶೇ. 10 ಕೂಡ ಹೆಚ್ಚುವುದೇ ಇದಕ್ಕೆ ಕಾರಣ.

ಈ ವಿನಾಯಿತಿಗೆ ಇನ್ನೊಂದು ತೊಡಕೂ ಇದೆ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಂಪನಿಗೆ ಕೊಡಬೇಕು. ನಮ್ಮ ಮನೆ ಮಾಲೀಕರು ನಿವೃತ್ತ ಉಪಾಧ್ಯಾಯರು, ಒಳ್ಳೆಯವರು. ಆದರೂ ಪ್ಯಾನ್ ಕೇಳಿದಾಗ ‘ಅದೆಲ್ಲ ಯಾಕಪ್ಪ, ಮುಂದೆ ನಂಗೇನೂ ತೊಂದರೆ ಆಗಲ್ಲ ತಾನೆ?’ ಎಂದು ಒಂದೆರಡು ದಿನ ಮುಂದೂಡಿದರು. ಅವರ ಬಾಡಿಗೆ ಆದಾಯ ಅವರ ತೆರಿಗೆ ಲೆಕ್ಕದಲ್ಲಿ ಬರಬೇಕಾದದ್ದೇ. ಆದರೂ ಬಾಡಿಗೆದಾರನು ಅದನ್ನು ಅವರಿಗೆ ನೆನಪಿಸುವುದು ಅಷ್ಟೇನೂ ಹಿತವಾದ ಕೆಲಸವಲ್ಲ.

ಉಳಿದ ಕಳೆಯುವಿಕೆಗಳು ಸರಳವಾಗಿದ್ದವು. ಮಕ್ಕಳ ಶಿಕ್ಷಣ ಭತ್ಯೆಗೆ ಆ ವರ್ಷದ ನಿಯಮದಲ್ಲಿ ಒಂದು ಮಗುವಿಗೆ ತಿಂಗಳಿಗೆ ನೂರು ರೂಪಾಯಿಯಂತೆ ವರ್ಷಕ್ಕೆ 2,400 ವಿನಾಯಿತಿ ಇತ್ತು. ಯಾವ ಕಾಲದಲ್ಲಿ ಗೊತ್ತುಪಡಿಸಿದ ದರವೋ, ಒಂದು ನೋಟ್‌ಬುಕ್ಕಿಗೂ ಸಾಲುತ್ತಿರಲಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300, ಹೀಗೆ ವರ್ಷಕ್ಕೆ 2,500. 80ಸಿ ಕಲಮಿನಲ್ಲಿ ನನ್ನ ಭವಿಷ್ಯ ನಿಧಿ 80,640, ಎಲ್‌ಐಸಿ ಕಂತು 36,000, ಮಕ್ಕಳ ಬೋಧನಾ ಶುಲ್ಕ 42,000 ಸೇರಿ 1,58,640 ಆದರೂ ಮಿತಿ 1,50,000ಕ್ಕೆ ನಿಲ್ಲುತ್ತದೆ. 80ಡಿ ಅಡಿಯಲ್ಲಿ ನಮ್ಮ ಕುಟುಂಬದ ಆರೋಗ್ಯ ವಿಮೆಗೆ 16,300, ಅರವತ್ತು ದಾಟಿದ ಅಪ್ಪ ಅಮ್ಮನ ವಿಮೆಗೆ 28,000, ಒಟ್ಟು 44,300. ಎಲ್ಲವನ್ನೂ ಕೂಡಿಸಿದಾಗ ಸರಿಯಾಗಿ 3,50,000 ರೂಪಾಯಿ ಬಂದಿತು. ಅದನ್ನು ಕಳೆದ ಮೇಲೆ ತೆರಿಗೆಗೆ ಒಳಪಡುವ ಆದಾಯ 10,70,000. ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಶೇ. 5ರಂತೆ 12,500, ಐದರಿಂದ ಹತ್ತು ಲಕ್ಷದವರೆಗೆ ಶೇ. 20ರಂತೆ ಒಂದು ಲಕ್ಷ, ಮೇಲಿನ ಎಪ್ಪತ್ತು ಸಾವಿರಕ್ಕೆ ಶೇ. 30ರಂತೆ 21,000, ಒಟ್ಟು 1,33,500. ಅದರ ಮೇಲೆ ಶೇ. 4 ಸೆಸ್ ಸೇರಿ 1,38,840 ರೂಪಾಯಿ.

ಹೊಸ ಪದ್ಧತಿಯ ಲೆಕ್ಕಕ್ಕೆ ಅರ್ಧ ಹಾಳೆಯೂ ಬೇಕಾಗಲಿಲ್ಲ. ಬಾಡಿಗೆ ಭತ್ಯೆಯ ವಿನಾಯಿತಿ, ಶಿಕ್ಷಣ ಭತ್ಯೆ, 80ಸಿ, 80ಡಿ ಯಾವುದೂ ಇಲ್ಲ. ವೃತ್ತಿ ತೆರಿಗೆಯನ್ನೂ ಕಳೆಯುವಂತಿಲ್ಲ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಕಳೆದರೆ 13,45,000. ನಾಲ್ಕರಿಂದ ಎಂಟು ಲಕ್ಷದವರೆಗೆ ಶೇ. 5ರಂತೆ 20,000, ಎಂಟರಿಂದ ಹನ್ನೆರಡರವರೆಗೆ ಶೇ. 10ರಂತೆ 40,000, ಮೇಲಿನ 1,45,000ಕ್ಕೆ ಶೇ. 15ರಂತೆ 21,750, ಒಟ್ಟು 81,750. ಸೆಸ್ ಸೇರಿ 85,020 ರೂಪಾಯಿ. ಹೊಸ ಪದ್ಧತಿಯಲ್ಲಿ 53,820 ರೂಪಾಯಿ ಉಳಿತಾಯ. ಭವಿಷ್ಯ ನಿಧಿಯನ್ನೂ ವಿಮೆಯನ್ನೂ ನಿಲ್ಲಿಸಬೇಕಾಗುತ್ತದೆಯೇ ಎಂದು ನನ್ನ ಹೆಂಡತಿ ಕೇಳಿದಳು. ಹಾಗೇನೂ ಇಲ್ಲ, ಅವು ಎಂದಿನಂತೆ ನಡೆಯುತ್ತವೆ, ತೆರಿಗೆಯ ಲೆಕ್ಕದಲ್ಲಿ ಮಾತ್ರ ಅವುಗಳಿಗೆ ಜಾಗವಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೆ ಬೇಕಾಗಿದ್ದದ್ದು, ಈ ಸಂಬಳಕ್ಕೆ ಹಳೆಯ ಪದ್ಧತಿ ಲಾಭವಾಗಬೇಕಾದರೆ ಒಟ್ಟು ಎಷ್ಟು ಕಳೆಯಬೇಕಾಗುತ್ತದೆ ಎಂಬ ಅಂಕಿ. ಅದನ್ನು ಹಿಂದುಮುಂದಾಗಿ ಲೆಕ್ಕ ಹಾಕಬಹುದು. ಹೊಸ ಪದ್ಧತಿಯಲ್ಲಿ ಸೆಸ್‌ಗೆ ಮುಂಚಿನ ತೆರಿಗೆ 81,750. ಹಳೆಯ ಪದ್ಧತಿಯಲ್ಲೂ ಅಷ್ಟೇ ತೆರಿಗೆ ಬರಬೇಕಾದರೆ, ಅದರಲ್ಲಿ ಮೊದಲ 12,500 ಹೋಗಿ ಉಳಿದ 69,250 ರೂಪಾಯಿ ಶೇ. 20ರ ಹಂತದಲ್ಲಿ ಬರಬೇಕು. ಅಂದರೆ ಐದು ಲಕ್ಷದ ಮೇಲೆ 3,46,250, ಒಟ್ಟು ಆದಾಯ 8,46,250. ನನ್ನ ಸಂಬಳದಿಂದ ಇದನ್ನು ಕಳೆದರೆ 5,73,750. ಸ್ಟ್ಯಾಂಡರ್ಡ್ ಡಿಡಕ್ಷನ್‌ನಿಂದ ಹಿಡಿದು ಎಲ್ಲ ವಿನಾಯಿತಿಗಳೂ ಸೇರಿ ಇಷ್ಟನ್ನು ಮುಟ್ಟಿದರೆ ಎರಡೂ ಪದ್ಧತಿ ಸಮ, ಮೀರಿದರೆ ಹಳೆಯದು ಲಾಭ. ನನ್ನ ಬಳಿ ಇದ್ದದ್ದು 3,50,000, ಕೊರತೆ 2,23,750. ಈ ಒಂದು ಅಂಕಿ ಕೈಯಲ್ಲಿದ್ದರೆ ಪ್ರತಿ ರಸೀದಿಗೂ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗಿಲ್ಲ. ಸಂಬಳ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಅದರ ಉಪಯೋಗ ಮರುದಿನವೇ ಆಯಿತು. ನನ್ನದೇ ಗ್ರೇಡಿನ, ಹೆಚ್ಚುಕಡಿಮೆ ಇದೇ ಚೀಟಿಯ ಸಹೋದ್ಯೋಗಿಯೊಬ್ಬರು ಬಂದು, ‘ಸಾರ್, ನಂದು ಮನೆ ಸಾಲ ಇದೆ. ನಂಗೆ ಹಳೇದೇ ಲಾಭ ಅಲ್ವಾ?’ ಎಂದು ಕೇಳಿದರು. ಅವರು ಸಾಲ ಮಾಡಿ ಕಟ್ಟಿಸಿದ ಮನೆ ತಿಪಟೂರಿನಲ್ಲಿದೆ, ಅಲ್ಲಿ ಅವರ ತಂದೆ ತಾಯಿ ಇದ್ದಾರೆ. ಇವರು ಕೆಲಸದ ಕಾರಣ ತುಮಕೂರಿನಲ್ಲಿ ಬಾಡಿಗೆಗೆ ಇದ್ದಾರೆ. ಹೀಗಿರುವಾಗ ಬಾಡಿಗೆ ಭತ್ಯೆಯ ವಿನಾಯಿತಿಯೂ ಸಾಲದ ಬಡ್ಡಿಗೆ ಎರಡು ಲಕ್ಷದವರೆಗಿನ ಕಡಿತವೂ ಒಟ್ಟಿಗೆ ಸಿಗುತ್ತವೆ. ಅವರ ಉಳಿದ ವಿನಾಯಿತಿಗಳು ನನ್ನಷ್ಟೇ ಎಂದಿಟ್ಟುಕೊಂಡೆವು. 3,50,000ಕ್ಕೆ ಬಡ್ಡಿಯ ಎರಡು ಲಕ್ಷ ಸೇರಿಸಿದರೆ 5,50,000. ಇನ್ನೂ 23,750 ಕೊರತೆ. ಎರಡು ಲಕ್ಷ ಬಡ್ಡಿ ಕಟ್ಟಿದರೂ ಹಳೆಯ ಪದ್ಧತಿಯೇ ದುಬಾರಿ ಎಂಬುದನ್ನು ಅವರು ಮೊದಲು ನಂಬಲಿಲ್ಲ. ಆಗ ಅವರು ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಸ್ವಂತವಾಗಿ ವರ್ಷಕ್ಕೆ 50,000 ಕಟ್ಟುತ್ತಿರುವುದನ್ನು ಹೇಳಿದರು. 80ಸಿ ಮಿತಿಯ ಹೊರಗೆ ಸಿಗುವ ಆ ಕಡಿತವನ್ನೂ ಸೇರಿಸಿದಾಗ ಆರು ಲಕ್ಷವಾಗಿ, 26,250ರಷ್ಟು ಮೀರಿತು. ಅದಕ್ಕೆ ಶೇ. 20ರಂತೆ 5,250, ಸೆಸ್ ಸೇರಿ 5,460 ರೂಪಾಯಿ ಹಳೆಯ ಪದ್ಧತಿಯಲ್ಲಿ ಉಳಿಯುತ್ತದೆ. ಅವರ ತೆರಿಗೆ 79,560.

ಅದೇ ಮನೆ ತುಮಕೂರಿನಲ್ಲಿದ್ದು ಅವರು ಅದರಲ್ಲೇ ವಾಸವಾಗಿದ್ದರೆ ಬಾಡಿಗೆಯೇ ಇರುತ್ತಿರಲಿಲ್ಲ. 1,00,800 ಹೋಗಿ ಒಟ್ಟು 4,99,200ಕ್ಕೆ ಇಳಿಯುತ್ತಿತ್ತು. ‘ಮನೆ ಸಾಲ ಇದ್ದವರಿಗೆ ಹಳೆಯದು’ ಎಂದು ಕಣ್ಣುಮುಚ್ಚಿ ಹೇಳುವ ಸಲಹೆ ಈ ಸಂಬಳಕ್ಕೆ ನಿಲ್ಲುವುದಿಲ್ಲ.

ಎನ್‌ಪಿಎಸ್ ಹೆಸರು ಬಂದ ಮೇಲೆ ಚೀಟಿಯಲ್ಲಿ ಇಲ್ಲದ ಒಂದು ಸಾಲಿನ ಬಗ್ಗೆ ಯೋಚಿಸಬೇಕಾಯಿತು. ನೌಕರನು ತಾನೇ ಕಟ್ಟುವ 50,000ಕ್ಕೆ ಹೊಸ ಪದ್ಧತಿಯಲ್ಲಿ ಬೆಲೆಯಿಲ್ಲ. ಆದರೆ ನೌಕರನ ಎನ್‌ಪಿಎಸ್ ಖಾತೆಗೆ ಕಂಪನಿ ಕಟ್ಟುವ ವಂತಿಗೆಗೆ ಆಗಿನ ಕಾಯ್ದೆಯ 80ಸಿಸಿಡಿ(2) ಕಲಮಿನಡಿ ಹೊಸ ಪದ್ಧತಿಯಲ್ಲೂ ಕಡಿತವಿದೆ, ಅದೂ ಮೂಲ ವೇತನದ ಶೇ. 14ರವರೆಗೆ. ಖಾಸಗಿ ನೌಕರರಿಗೆ ಹಳೆಯ ಪದ್ಧತಿಯಲ್ಲಿ ಈ ಮಿತಿ ಶೇ. 10. ನಮ್ಮ ಕಂಪನಿಯಲ್ಲಿ ಕೇಳಿದವರಿಗೆ ವಿಶೇಷ ಭತ್ಯೆಯ ಒಂದು ಭಾಗವನ್ನು ಹೀಗೆ ತಿರುಗಿಸಿ ಕೊಡುತ್ತಾರೆ, ಆದರೆ ಏಪ್ರಿಲ್‌ನಲ್ಲಿ ಮಾತ್ರ. ಕಂಪನಿಗೆ ಹೆಚ್ಚಿನ ಖರ್ಚಿಲ್ಲ, ನಮ್ಮ ಒಟ್ಟು ಸಂಬಳವೂ ಅಷ್ಟೇ. ಕೈಗೆ ಬರುವುದು ಮಾತ್ರ ಕಡಿಮೆಯಾಗುತ್ತದೆ.

ಸಹೋದ್ಯೋಗಿಯ ಅದೇ 50,000 ರೂಪಾಯಿಯನ್ನು ಈ ದಾರಿಯಲ್ಲಿ ಹಾಯಿಸಿ ನೋಡಿದೆವು. ಹೊಸ ಪದ್ಧತಿಯಲ್ಲಿ 13,45,000ದಿಂದ 50,000 ಕಳೆದರೆ 12,95,000. ತೆರಿಗೆ 74,250, ಸೆಸ್ ಸೇರಿ 77,220. ಎರಡು ಲಕ್ಷದ ಬಡ್ಡಿ, ಬಾಡಿಗೆ ರಸೀದಿ, ವಿಮೆ ಎಲ್ಲವನ್ನೂ ತೋರಿಸಿ ಹಳೆಯ ಪದ್ಧತಿಯಲ್ಲಿ ಬಂದ 79,560ಕ್ಕಿಂತ ಇದು 2,340 ಕಡಿಮೆ. ಅಷ್ಟೇ ಹಣ, ಅದೇ ಖಾತೆ. ಕಟ್ಟುವ ಕೈ ಬದಲಾದದ್ದರಿಂದ ಲಾಭದ ದಿಕ್ಕೇ ಬದಲಾಯಿತು. ಅವರು ಸ್ವಂತ ಕಂತನ್ನು ನಿಲ್ಲಿಸಿ ಕಂಪನಿಯ ಮೂಲಕ ಕಟ್ಟಿಸಲು ಅರ್ಜಿ ಕೊಟ್ಟರು. ಆದರೂ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರವನ್ನೂ ಬಾಡಿಗೆ ರಸೀದಿಗಳನ್ನೂ ಎತ್ತಿಡುವಂತೆ ಹೇಳಿದೆ. ವ್ಯಾಪಾರದ ಆದಾಯವಿಲ್ಲದ ಸಂಬಳದಾರನು ಕಂಪನಿಗೆ ಒಂದು ಪದ್ಧತಿಯನ್ನು ಹೇಳಿದ್ದರೂ ರಿಟರ್ನ್ ಸಲ್ಲಿಸುವಾಗ ಇನ್ನೊಂದನ್ನು ಆರಿಸಿಕೊಳ್ಳಬಹುದು. ಒಂದೇ ಷರತ್ತು, ರಿಟರ್ನ್ ಕೊನೆಯ ದಿನಾಂಕದೊಳಗೆ ಹೋಗಬೇಕು. ತಡವಾದ ರಿಟರ್ನ್‌ನಲ್ಲಿ ಹಳೆಯ ಪದ್ಧತಿಯನ್ನು ಕೇಳುವಂತಿಲ್ಲ.

ನಾನು ಪೂರ್ತಿ ಶೇ. 14 ಕೇಳಿದೆ. ಮೂಲ ವೇತನದ ಮೇಲೆ ಅದು ವರ್ಷಕ್ಕೆ 94,080, ತಿಂಗಳಿಗೆ 7,840 ರೂಪಾಯಿ. ತೆರಿಗೆಗೆ ಒಳಪಡುವ ಆದಾಯ 12,50,920ಕ್ಕೆ ಇಳಿಯಿತು. ಹಂತಗಳ ಪ್ರಕಾರ ತೆರಿಗೆ 67,638. ಆದರೆ ಇಲ್ಲಿ ಮಾರ್ಜಿನಲ್ ರಿಲೀಫ್ ಎಂಬ ನಿಯಮ ಅಡ್ಡ ಬರುತ್ತದೆ. ಹನ್ನೆರಡು ಲಕ್ಷ ದಾಟಿದ ಮಾತ್ರಕ್ಕೆ ಒಮ್ಮೆಲೇ ಅರವತ್ತು ಸಾವಿರ ಹೊರೆ ಬೀಳಬಾರದೆಂದು, ಆದಾಯವು ಹನ್ನೆರಡು ಲಕ್ಷವನ್ನು ಎಷ್ಟು ಮೀರಿದೆಯೋ ಅದಕ್ಕಿಂತ ತೆರಿಗೆ ಹೆಚ್ಚಾಗದಂತೆ ಅದು ತಡೆಯುತ್ತದೆ. ನಾನು ಮೀರಿದ್ದು 50,920. ಆದ್ದರಿಂದ ತೆರಿಗೆಯೂ 50,920, ಸೆಸ್ ಸೇರಿ ಸುಮಾರು 52,960. ಮೊದಲಿನ 85,020ಕ್ಕೆ ಹೋಲಿಸಿದರೆ 32,060 ಉಳಿತಾಯ. 94,080 ರೂಪಾಯಿ ಪಿಂಚಣಿ ಖಾತೆಗೆ ಹೋಗಲು ನನ್ನ ಕೈಯಿಂದ ನಿಜವಾಗಿ ಕಡಿಮೆಯಾದದ್ದು 62,020. ಈ ಹಣದ ಬಹುಭಾಗ ನಿವೃತ್ತಿಯವರೆಗೆ ಕೈಗೆ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬಲ್ಲವರಿಗೆ ಮಾತ್ರ ಈ ದಾರಿ. ಮಗಳ ಕಾಲೇಜಿಗೆ ಬೇಕಾದ ಹಣವನ್ನು ಇಲ್ಲಿ ಇಡಬಾರದು.

ಸುಮಾರು 12,70,590ರವರೆಗಿನ ಆದಾಯಕ್ಕೆ ಈ ರಿಲೀಫ್ ಕೆಲಸ ಮಾಡುತ್ತದೆ; ಆಮೇಲೆ ಹಂತಗಳ ಲೆಕ್ಕವೇ ಕಡಿಮೆಯಾಗುವುದರಿಂದ ಅದರ ಅಗತ್ಯವಿಲ್ಲ. ಈ ಆದಾಯದ ವ್ಯಾಪ್ತಿಯೊಳಗಿರುವವರು ಸಂಬಳದ ಚೀಟಿಯಲ್ಲಿ ತೆರಿಗೆಯ ಸಾಲನ್ನು ಒಮ್ಮೆ ಪರೀಕ್ಷಿಸಬೇಕು. ನನ್ನ ವಿಷಯದಲ್ಲಿ ರಿಲೀಫ್ ಲೆಕ್ಕಕ್ಕೆ ಬಂದಿದ್ದರೆ ತಿಂಗಳ ಕಡಿತ ಸುಮಾರು 4,413 ಇರಬೇಕು, ಬಿಟ್ಟುಹೋಗಿದ್ದರೆ 5,862. ಮೇ ತಿಂಗಳ ಚೀಟಿಯಲ್ಲಿ ಎರಡನೆಯ ಅಂಕಿಯೇ ಕಂಡಿತು. ಸಂಬಳ ವಿಭಾಗದವರಿಗೆ ಲೆಕ್ಕದ ಹಾಳೆಯನ್ನು ತೋರಿಸಿದಾಗ ಅವರು ಸಾಫ್ಟ್‌ವೇರ್‌ನ ಸಂಬಂಧಪಟ್ಟ ಆಯ್ಕೆಯನ್ನು ಸರಿಪಡಿಸಿದರು, ಜೂನ್‌ನಿಂದ ಕಡಿತ ಇಳಿಯಿತು. ಅವರು ಸರಿಪಡಿಸದಿದ್ದರೂ ರಿಟರ್ನ್ ಸಲ್ಲಿಸಿದಾಗ ಹೆಚ್ಚುವರಿ ಹಣ ಮರಳುತ್ತಿತ್ತು, ಆದರೆ ವರ್ಷವಿಡೀ ಅದು ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ.

ಈ ವ್ಯಾಪ್ತಿಗೆ ಒಂದು ವಿಚಿತ್ರ ಗುಣವಿದೆ, ಅದು ಚೀಟಿಯ ಆಚೆಗಿನ ಆದಾಯದಲ್ಲಿ ಗೊತ್ತಾಗುತ್ತದೆ. ಇಲ್ಲಿ ಆದಾಯ ಒಂದು ರೂಪಾಯಿ ಹೆಚ್ಚಿದರೆ ತೆರಿಗೆಯೂ ಒಂದು ರೂಪಾಯಿ ಹೆಚ್ಚುತ್ತದೆ, ಅದರ ಮೇಲೆ ಸೆಸ್ ಬೇರೆ. ನನಗೆ ಒಂದು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇದ್ದು, ವರ್ಷಕ್ಕೆ ಸುಮಾರು 6,000 ಬಡ್ಡಿ ಬರುತ್ತಿತ್ತು. ಬಡ್ಡಿ ಸಣ್ಣದಾದ್ದರಿಂದ ಬ್ಯಾಂಕು ತೆರಿಗೆ ಕಡಿತ ಮಾಡುವುದಿಲ್ಲ, ಆದರೆ ಆ ಮೊತ್ತ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಿಸುತ್ತದೆ, ರಿಟರ್ನ್‌ನಲ್ಲಿ ತೋರಿಸಲೇಬೇಕು. ಹಾಗೆ ತೋರಿಸಿದರೆ ಅದರ ಮೇಲೆ ಬೀಳುವ ತೆರಿಗೆ 6,240 ರೂಪಾಯಿ. ಬಡ್ಡಿಗಿಂತ 240 ಹೆಚ್ಚು. ಠೇವಣಿಯನ್ನು ಹೆಂಡತಿಯ ಹೆಸರಿಗೆ ಮಾಡಿದರಾಯಿತು ಎಂದು ಯಾರೋ ಹೇಳಿದರು. ಅದು ನನ್ನ ದುಡಿಮೆಯ ಹಣವಾದ್ದರಿಂದ ಬಡ್ಡಿ ಮತ್ತೆ ನನ್ನ ಆದಾಯಕ್ಕೇ ಸೇರುತ್ತದೆ. ಆದರೆ ಪಿಪಿಎಫ್ ಬಡ್ಡಿಗೆ ಎರಡೂ ಪದ್ಧತಿಗಳಲ್ಲಿ ತೆರಿಗೆಯಿಲ್ಲ. ಹದಿನೈದು ವರ್ಷದ ಅವಧಿಗೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಗೊತ್ತಿದ್ದರೂ ಠೇವಣಿಯ ಅವಧಿ ಮುಗಿದಾಗ ಅದನ್ನು ನವೀಕರಿಸದೆ, ತುಮಕೂರಿನ ಅಂಚೆ ಕಚೇರಿಯಲ್ಲಿ ಪಿಪಿಎಫ್ ಖಾತೆ ತೆರೆದು ಅಲ್ಲಿಗೆ ಹಾಕಿದೆ.